ನಿಮ್ಮ ದನಿ ನಿಮಗೇ ಕೇಳಿಸಿದರೆ

ಕೇಳುಗರಿಗೆ ನಮಸ್ಕಾರ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರೆಲ್ಲ ವಿಡಿಯೊ ಕಾಲ್‌ನಲ್ಲಿ ಸೇರುವುದು ರೂಢಿ. ನಾನು ಮೈಸೂರಿನಲ್ಲಿ, ಚಿಕ್ಕಪ್ಪ ದಾವಣಗೆರೆಯಲ್ಲಿ, ತಂಗಿ ನ್ಯೂಜೆರ್ಸಿಯಲ್ಲಿ. ಅವಳಿಗೆ ಅಲ್ಲಿ ಇನ್ನೂ ಶನಿವಾರ ರಾತ್ರಿ. ಒಂದು ವಾರ ನಾನು "ಚಿಕ್ಕಪ್ಪಾ, ತಿಂಡಿ ಆಯ್ತಾ?" ಅಂದೆ. ಅರ್ಧ ಸೆಕೆಂಡಿನಲ್ಲಿ ನನ್ನದೇ ದನಿ ವಾಪಸ್ ಬಂದು "ತಿಂಡಿ ಆಯ್ತಾ?" ಅಂತ ನನ್ನನ್ನೇ ಕೇಳಿತು. "ಅಣ್ಣಾ, ನಿನ್ನ ಮಾತು ಎರಡೆರಡು ಸಲ ಕೇಳ್ತಿದೆ" ಅಂದಳು ತಂಗಿ. ಚಿಕ್ಕಪ್ಪ ಮಾತ್ರ ಆರಾಮಾಗಿದ್ದರು. "ನನಗೇನೂ ಇಲ್ಲಪ್ಪ, ಎಲ್ಲಾ ಸರಿಯಾಗೇ ಕೇಳ್ತಿದೆ."

ತಪ್ಪು ನನ್ನ ಫೋನಿನದೇ ಅಂದುಕೊಂಡೆ. ಆಫ್ ಮಾಡಿ ಆನ್ ಮಾಡಿದೆ. ನೆಟ್ ಚೆನ್ನಾಗಿ ಸಿಗಲಿ ಅಂತ ಜಗುಲಿಗೆ ಹೋಗಿ ಕೂತೆ. ಮುಂದಿನ ವಾರಕ್ಕೆ ಹೊಸ ಹೆಡ್‌ಫೋನನ್ನೂ ತಂದೆ. ಅದನ್ನು ಹಾಕಿಕೊಂಡ ಮೇಲೆ ನನ್ನ ಮಾರ್ದನಿ ಇನ್ನೂ ಸ್ಪಷ್ಟವಾಗಿ ಕೇಳಿಸಿತು, ಅಷ್ಟೆ.

ನಾನು ಮಾಡಿದ್ದು ಬಹಳ ಜನ ಮಾಡುವ ತಪ್ಪು. ನಮ್ಮ ದನಿ ನಮಗೇ ಕೇಳಿಸಿದರೆ ದೋಷ ಇರುವುದು ನಮ್ಮ ಹತ್ತಿರ ಅಲ್ಲ, ಆ ಕಡೆ.

ನನ್ನ ಮಾತು ಹೋದ ದಾರಿಯನ್ನೇ ನೋಡೋಣ. ನನ್ನ ಮೈಕಿನಿಂದ ಹೊರಟ ಮಾತು ನೆಟ್‌ವರ್ಕ್ ದಾಟಿ ದಾವಣಗೆರೆ ಮುಟ್ಟಲು 150 ಮಿಲಿಸೆಕೆಂಡ್ ಬೇಕಾಯಿತು ಅಂತಿಟ್ಟುಕೊಳ್ಳಿ. ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡು. ಅಲ್ಲಿ ಅದು ಸ್ಪೀಕರಿನಿಂದ ಹೊರಬಿತ್ತು. ಚಿಕ್ಕಪ್ಪನ ಕಿವಿಗೂ ಹೋಯಿತು, ಪಕ್ಕದಲ್ಲೇ ಇದ್ದ ಅವರ ಮೈಕಿಗೂ ಹೋಯಿತು. ಮೈಕಿಗೆ ಯಾರ ದನಿ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಚಿಕ್ಕಪ್ಪನೇ ಮಾತಾಡಿದರು ಅನ್ನುವ ಹಾಗೆ ಅದನ್ನೂ ಹಿಡಿದು ಕಳಿಸಿಬಿಟ್ಟಿತು. ವಾಪಸ್ ಬರಲು ಇನ್ನೊಂದು 150. ಚಿಕ್ಕಪ್ಪನ ಬ್ಲೂಟೂತ್ ಸ್ಪೀಕರ್ ದನಿಯನ್ನು ತಡಮಾಡಿದ್ದು ಬೇರೆ ಸೇರಿಸಿ. ಅಲ್ಲಿಗೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್.

ತೊಂದರೆ ಕೊಡುವುದು ಈ ತಡವೇ. ಮನೆಯ ಗೋಡೆಗೆ ಬಡಿದ ನಮ್ಮ ದನಿ ದಿನವೆಲ್ಲ ನಮ್ಮ ಕಿವಿಗೆ ವಾಪಸ್ ಬರುತ್ತಲೇ ಇರುತ್ತದೆ. ಹತ್ತು ಹದಿನೈದು ಮಿಲಿಸೆಕೆಂಡಿನಲ್ಲಿ ಬರುವುದರಿಂದ ಕಿವಿ ಅದನ್ನು ಬೇರೆ ಅಂತ ಎಣಿಸುವುದಿಲ್ಲ. ಕಾಲು ಸೆಕೆಂಡ್ ತಡವಾಗಿ ಬಂದರೆ ಮಾತ್ರ ನಾಲಿಗೆ ತಡವರಿಸುತ್ತದೆ. ಒಳ್ಳೆಯ ಮಾತುಗಾರರೂ ತೊದಲುತ್ತಾರೆ.

ಹಾಗಾದರೆ ಎಲ್ಲ ಕಾಲ್‌ನಲ್ಲೂ ಹೀಗೇ ಆಗಬೇಕಿತ್ತಲ್ಲ? ಎಲ್ಲ ಫೋನಿಗೂ ಸ್ಪೀಕರ್ ಇದೆ, ಮೈಕ್ ಇದೆ. ಆಗುವುದಿಲ್ಲ, ಯಾಕೆಂದರೆ ಒಳಗೆ ಎಕೋ ಕ್ಯಾನ್ಸಲರ್ ಅನ್ನುವ ಒಂದು ಪ್ರೋಗ್ರಾಮು ಸುಮ್ನೆ ಕೂತು ಕೆಲಸ ಮಾಡುತ್ತಿರುತ್ತದೆ.

ಅದರ ಕೈಯಲ್ಲಿ ಒಂದು ಅನುಕೂಲ ಇದೆ. ಸ್ಪೀಕರಿಗೆ ಹೋಗುವ ಪ್ರತಿ ದನಿಯ ನಕಲೂ ಅದಕ್ಕೆ ಮೊದಲೇ ಸಿಗುತ್ತದೆ. ಈ ನಕಲು ಕೋಣೆಯಲ್ಲಿ ಸುತ್ತಾಡಿ ಮೈಕಿಗೆ ಬರುವಾಗ ಹೇಗಾಗಿರುತ್ತದೆ ಅಂತ ಅದು ಊಹಿಸಬೇಕು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರಿನಿಂದ ಒಂದು ಅಡಿ ದೂರದ ಮೈಕಿಗೆ ನೇರವಾಗಿ ಬರಲು ಒಂದು ಮಿಲಿಸೆಕೆಂಡ್ ಸಾಕು. ಎರಡು ಮೀಟರ್ ಆಚೆಯ ಗೋಡೆಗೆ ಬಡಿದು ಬರಲು ಹನ್ನೆರಡು ಬೇಕು, ಅಷ್ಟರಲ್ಲಿ ದನಿ ಸಣ್ಣದೂ ಆಗಿರುತ್ತದೆ. ಬೀರು, ಬಾಗಿಲು, ಸೂರು, ಒಂದೊಂದರಿಂದಲೂ ಒಂದೊಂದು ಮಾರ್ದನಿ. ಇವನ್ನೆಲ್ಲ ಕೂಡಿಸಿ ಒಂದು ಕೃತಕ ಮಾರ್ದನಿ ಮಾಡಿ, ಮೈಕಿಗೆ ಬಿದ್ದದ್ದರಲ್ಲಿ ಅದನ್ನು ಕಳೆಯುತ್ತದೆ. ಉಳಿಯಬೇಕಾದ್ದು ಚಿಕ್ಕಪ್ಪನ ಮಾತು ಮಾತ್ರ.

ಮೊದಲ ಊಹೆ ಸರಿ ಇರುವುದಿಲ್ಲ. ಕಳೆದ ಮೇಲೂ ನನ್ನ ದನಿ ಉಳಿದಿದ್ದರೆ ಲೆಕ್ಕವನ್ನು ಚೂರು ತಿದ್ದುತ್ತದೆ. ಮತ್ತೆ ಕಳೆಯುತ್ತದೆ, ಮತ್ತೆ ತಿದ್ದುತ್ತದೆ. ಸೆಕೆಂಡಿಗೆ ಎಷ್ಟೋ ಸಲ. ಕಾಲ್ ಶುರುವಾದಾಗ ಒಂದೆರಡು ಕ್ಷಣ ಎಕೋ ಬಂದು ತಾನಾಗೇ ಹೋಗುವುದು ಇದಕ್ಕೇ. ಫೋನನ್ನು ಎತ್ತಿ ಬೇರೆ ಕಡೆ ಇಟ್ಟರೂ ಹಾಗೇ, ಲೆಕ್ಕ ಹೊಸದಾಗಿ ಕಲಿಯಬೇಕು.

ಈ ಉಪಾಯ ವಿಡಿಯೊ ಕಾಲಿಗಾಗಿ ಹುಟ್ಟಿದ್ದಲ್ಲ. 1965ರಲ್ಲಿ ಅರ್ಲಿ ಬರ್ಡ್ ಅನ್ನುವ ಉಪಗ್ರಹ ಅಮೆರಿಕ ಮತ್ತು ಯುರೋಪಿನ ನಡುವೆ ದೂರವಾಣಿ ಮಾತನ್ನು ದಾಟಿಸತೊಡಗಿತು. ಅದು ಇದ್ದದ್ದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮಾತು ಹತ್ತಿ ಇಳಿಯುವುದಕ್ಕೇ ಕಾಲು ಸೆಕೆಂಡ್, ಮಾರ್ದನಿ ವಾಪಸ್ ಬರಲು ಇನ್ನೊಂದು ಕಾಲು. ಅಲ್ಲಿ ಎಕೋ ಹುಟ್ಟುತ್ತಿದ್ದದ್ದು ಕೋಣೆಯಲ್ಲಲ್ಲ, ದೂರವಾಣಿ ತಂತಿಗಳು ಕೂಡುವ ಜಾಗದಲ್ಲಿ. ಆದರೆ ಮದ್ದು ಇದೇ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇದರ ಮೇಲೆ ಕೆಲಸ ಮಾಡಿ 1967ರಲ್ಲಿ ಪ್ರಬಂಧ ಬರೆದವರು ಮನಮೋಹನ ಸೋಂಧಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ನಮ್ಮಲ್ಲಿ ಅವರ ಹೆಸರು ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು.

ಸರಿ, ಇಷ್ಟೆಲ್ಲ ಇದ್ದೂ ಚಿಕ್ಕಪ್ಪನ ಫೋನು ಯಾಕೆ ಸೋತಿತು? ಅವರಿಗೆ ಕಿವಿ ಸ್ವಲ್ಪ ಮಂದ. ಭಜನೆ ಕೇಳುವ ಸಣ್ಣ ಬ್ಲೂಟೂತ್ ಸ್ಪೀಕರನ್ನು ಫೋನಿಗೆ ಸೇರಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಫೋನನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿ ಇಟ್ಟಿದ್ದರು. ಸ್ಪೀಕರ್ ಅರಚುವಾಗ ದನಿ ಒಡೆಯುತ್ತದೆ. ಗರಗರ ಅನ್ನುವ ಆ ಒಡಕು ನಕಲಿನಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಕಳೆಯುವುದು ಹೇಗೆ? ಸಾಲದ್ದಕ್ಕೆ ಬ್ಲೂಟೂತಿನ ತಡವೂ ಒಂದೇ ಸಮನೆ ಇರದೆ ಅತ್ತಿತ್ತ ಆಗಬಹುದು. ವಾಲ್ಯೂಮನ್ನು ಅರ್ಧಕ್ಕೆ ಇಳಿಸಿದ ಕೂಡಲೇ ಮುಕ್ಕಾಲು ಎಕೋ ಹೋಯಿತು.

ಉಳಿದ ಚೂರನ್ನು ಪ್ರೋಗ್ರಾಮು ಒರಟಾಗಿ ಅದುಮಿ ಹಾಕುತ್ತದೆ. ಅದಕ್ಕೊಂದು ಬೆಲೆ ಇದೆ. ಇಬ್ಬರೂ ಒಟ್ಟಿಗೆ ಮಾತಾಡಿದಾಗ ಒಬ್ಬರ ಮಾತು ತುಂಡುತುಂಡಾಗುವುದನ್ನು ಕೇಳಿರುತ್ತೀರಿ. ನನ್ನ ಮಾರ್ದನಿಯನ್ನು ಅದುಮುವ ಭರದಲ್ಲಿ ಚಿಕ್ಕಪ್ಪನ ಮಾತನ್ನೂ ಅದುಮಿರುತ್ತದೆ. ನಾವು ಮಾತ್ರ ನೆಟ್ಟನ್ನು ಬೈಯುತ್ತೇವೆ.

ಒಂದೇ ಕೋಣೆಯಲ್ಲಿ ಇಬ್ಬರು ಬೇರೆ ಬೇರೆ ಫೋನಿನಿಂದ ಒಂದೇ ಕಾಲಿಗೆ ಸೇರಿದರೆ ಕತೆ ಇನ್ನೂ ಕೆಟ್ಟದ್ದು. ಒಂದರ ಸ್ಪೀಕರ್ ದನಿ ಇನ್ನೊಂದರ ಮೈಕಿಗೆ ಬೀಳುತ್ತದೆ, ಅದು ಸುತ್ತಿ ಮತ್ತೆ ಮೊದಲನೆಯದಕ್ಕೆ. ಸುತ್ತು ಸುತ್ತಿಗೂ ಜೋರಾಗಿ ಕೊನೆಗೆ ಊಳಿಡುತ್ತದೆ. ಆಗ ಒಂದೇ ಫೋನಿನಲ್ಲಿ ಇಬ್ಬರೂ ಕೂರಬೇಕು. ಇಲ್ಲವೇ ಒಂದರ ಮೈಕ್, ಸ್ಪೀಕರ್ ಎರಡನ್ನೂ ಮುಚ್ಚಬೇಕು.

ಹೆಡ್‌ಫೋನ್‌ಗೆ ಈ ಲೆಕ್ಕಾಚಾರ ಯಾವುದೂ ಬೇಡ. ದನಿ ಕಿವಿಯೊಳಗೇ ಉಳಿಯುತ್ತದೆ, ಮೈಕಿಗೆ ಬೀಳುವುದೇ ಇಲ್ಲ ಅನ್ನುವಷ್ಟು ಕಡಿಮೆ. ತೀರಾ ಜೋರಾಗಿ ಇಟ್ಟರೆ ಸೋರಬಹುದು, ಅಷ್ಟೆ. ಆದರೆ ನನ್ನ ಎಕೋ ಹೋಗಬೇಕಾದರೆ ಅದನ್ನು ಹಾಕಿಕೊಳ್ಳಬೇಕಾದವರು ಚಿಕ್ಕಪ್ಪ. ನಾನು ಹಾಕಿಕೊಂಡರೆ ಅವರ ಎಕೋ ನಿಲ್ಲುತ್ತದೆ, ನನ್ನದಲ್ಲ. ನಾನು ತಂದ ಹೆಡ್‌ಫೋನನ್ನು ಆಮೇಲೆ ದಾವಣಗೆರೆಗೇ ಕಳಿಸಿದೆ.

ನಾಲ್ಕೈದು ಜನ ಇರುವ ಕಾಲ್‌ನಲ್ಲಿ ಎಕೋ ಯಾರ ಮನೆಯಿಂದ ಬರುತ್ತಿದೆ ಅಂತ ಹುಡುಕಲು ಒಬ್ಬೊಬ್ಬರಾಗಿ ಮ್ಯೂಟ್ ಮಾಡಿಸಬಹುದು. ಯಾರು ಮ್ಯೂಟ್ ಆದಾಗ ಎಕೋ ನಿಂತಿತೋ ಅವರದೇ. ಇನ್ನೊಂದು ಸುಲಭದ ಗುರುತೂ ಇದೆ. ಒಬ್ಬರ ಮೈಕ್ ಕಳಿಸಿದ್ದನ್ನು ಕಾಲ್ ನೇರವಾಗಿ ಅವರಿಗೇ ವಾಪಸ್ ಕೇಳಿಸುವುದಿಲ್ಲ. ಹಾಗಾಗಿ ಮಾರ್ದನಿ ಎಲ್ಲರಿಗೂ ಕೇಳುತ್ತದೆ, ಅದನ್ನು ಕಳಿಸುತ್ತಿರುವವರೊಬ್ಬರನ್ನು ಬಿಟ್ಟು. ಎಲ್ಲರೂ ಒದ್ದಾಡುತ್ತಿರುವಾಗ ಯಾರಾದರೂ "ನನಗೇನೂ ಇಲ್ಲಪ್ಪ, ಎಲ್ಲಾ ಸರಿಯಾಗೇ ಕೇಳ್ತಿದೆ" ಅಂದರೆ, ಮೊದಲು ಅವರ ವಾಲ್ಯೂಮ್ ಇಳಿಸಲು ಹೇಳಿ.

ನಮಸ್ಕಾರ.