"ಪ್ಲೀಸ್ ರಿವರ್ಟ್" ಅಂತ ಹೊರದೇಶಕ್ಕೆ ಬರೆದ್ರೆ ಏನಾಗುತ್ತೆ? ನಮ್ಮ ಆಫೀಸ್ ಇಂಗ್ಲಿಷ್ ಬಗ್ಗೆ ಒಂದಿಷ್ಟು ಮಾತು

[ಸ್ಕ್ರೀನ್ ಮೇಲೆ: ಇನ್‌ಬಾಕ್ಸ್, ಒಂದು ಮೇಲ್ ತೆರೆದಿದೆ]

ನಮಸ್ಕಾರ್ರಿ ಎಲ್ಲರಿಗೂ, ದಾವಣಗೆರೆಯಿಂದ ಮಾತಾಡ್ತಾ ಇದೀನಿ. ಈಗ ನಮ್ಮೂರಲ್ಲೇ ಕೂತ್ಕೊಂಡು ಹೊರದೇಶದ ಕೆಲಸ ಮಾಡೋ ಹುಡುಗ್ರು ಹುಡುಗೀರು ಸುಮಾರು ಜನ ಇದಾರೆ, ವೆಬ್‌ಸೈಟ್ ಮಾಡೋರು, ಅಕೌಂಟ್ಸ್ ನೋಡೋರು, ಡಿಸೈನ್ ಮಾಡೋರು. ಕೆಲಸ ಚೆನ್ನಾಗೇ ಮಾಡ್ತಾರೆ, ಆದ್ರೆ ಮೇಲ್ ಬರೆಯುವಾಗ ನಾವೆಲ್ಲ ಆಫೀಸಲ್ಲಿ ಕೇಳಿ ಕೇಳಿ ಕಲ್ತಿರೋ ಕೆಲವು ಸಿದ್ಧ ಮಾತುಗಳನ್ನ ಹಾಗೇ ಹಾಕಿಬಿಡ್ತೀವಿ. ಅದ್ರಲ್ಲಿ ಯಾವ್ದು ನಿಜವಾಗ್ಲೂ ತೊಂದ್ರೆ ಕೊಡುತ್ತೆ, ಯಾವ್ದನ್ನ ಮುಟ್ಟೋದೇ ಬೇಡ, ಅದನ್ನ ಇವತ್ತು ಒಂದೇ ಒಂದು ಮೇಲ್ ಇಟ್ಕೊಂಡು ನೋಡೋಣ.

ಹಿಂಗೆ ಅಂದ್ಕೊಳ್ರಿ. ವಿದ್ಯಾನಗರದಲ್ಲಿ ಮೂರು ನಾಲ್ಕು ಜನ ಸೇರ್ಕೊಂಡು ಒಂದು ಚಿಕ್ಕ ಆಫೀಸ್ ಮಾಡಿದಾರೆ, ಇಂಗ್ಲೆಂಡಿನ ಒಂದು ಫರ್ನಿಚರ್ ಅಂಗಡಿಯ ವೆಬ್‌ಸೈಟ್ ನೋಡ್ಕೊಳ್ತಾರೆ. ನಿನ್ನೆ ಹೊಸ ಪೇಮೆಂಟ್ ಪೇಜ್ ಹಾಕಿದಾರೆ. ಟ್ಯಾಕ್ಸ್ ವಿಷಯದಲ್ಲಿ ಒಂದು ಮಾತು ಕೇಳ್ಬೇಕಿದೆ. ಮೇಲ್ ಹೀಗೆ ಹೋಗುತ್ತೆ, ಓದ್ತೀನಿ ಕೇಳ್ರಿ.

[ಸ್ಕ್ರೀನ್ ಮೇಲೆ: ಮೊದಲನೇ ಮೇಲ್]

"ಡಿಯರ್ ಸರ್, ಗ್ರೀಟಿಂಗ್ಸ್ ಆಫ್ ದ ಡೇ. ಪೇಮೆಂಟ್ ಪೇಜ್ ಅಪ್‌ಡೇಷನ್ ಈಸ್ ಡನ್ ಯೆಸ್ಟರ್‌ಡೇ ಇಟ್‌ಸೆಲ್ಫ್. ಐ ಹ್ಯಾವ್ ಎ ಡೌಟ್ ಇನ್ ಟ್ಯಾಕ್ಸ್ ಕ್ಯಾಲ್ಕುಲೇಷನ್. ಕೈಂಡ್ಲಿ ಚೆಕ್ ದ ಸೇಮ್ ಅಂಡ್ ಡೂ ದ ನೀಡ್‌ಫುಲ್. ಪ್ಲೀಸ್ ರಿವರ್ಟ್ ಅಟ್ ದ ಅರ್ಲಿಯೆಸ್ಟ್."

ನಮಗೆ ಇದ್ರಲ್ಲಿ ಏನೂ ತಪ್ಪು ಕಾಣಲ್ಲ, ಬೆಂಗಳೂರಿಗೆ ಕಳ್ಸಿದ್ರೆ ಅರ್ಧ ಗಂಟೇಲಿ ಉತ್ತರ ಬರುತ್ತೆ. ಆದ್ರೆ ಆ ಅಂಗಡಿಯೋರು ಇದನ್ನ ಹೆಂಗೆ ಓದ್ತಾರೆ ಅನ್ನೋದನ್ನ ಕೊನೇ ಸಾಲಿಂದ ನೋಡ್ಕೊಂಡು ಬರೋಣ, ಯಾಕಂದ್ರೆ ಅಪಾಯ ಇರೋದು ಅಲ್ಲೇ.

ರಿವರ್ಟ್. ನಮಗೆ ಇದು "ಉತ್ತರ ಕೊಡಿ". ಅಲ್ಲಿ ಬಹಳ ಜನಕ್ಕೆ ಇದು "ಮೊದಲು ಹೆಂಗಿತ್ತೋ ಹಂಗೆ ಮಾಡಿ". ಸಾಫ್ಟ್‌ವೇರ್ ಕೆಲಸದಲ್ಲಂತೂ ಇದು ಬರೀ ಮಾತಲ್ಲ, ಕೋಡಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡೋ ಗಿಟ್ ಅನ್ನೋ ಟೂಲಲ್ಲಿ ಒಂದು ಕಮಾಂಡೇ ಇದೆ.

```
git revert HEAD
```

ಇದನ್ನ ಹೊಡೆದ್ರೆ ಕೊನೇದಾಗಿ ಮಾಡಿದ ಬದಲಾವಣೆಯನ್ನ ಉಲ್ಟಾ ಮಾಡೋ ಒಂದು ಹೊಸ ಕಮಿಟ್, ಅಂದ್ರೆ ಹೊಸ ದಾಖಲೆ, ಸೇರ್ಕೊಳ್ಳುತ್ತೆ, ಅಂದ್ರೆ ಆ ಕೆಲಸ ವಾಪಸ್ ಹೋದಂಗೆ. ಈಗ ಯೋಚ್ನೆ ಮಾಡ್ರಿ, ಅಂಗಡಿ ಮಾಲೀಕರಿಗೆ ಟೆಕ್ನಿಕಲ್ ವಿಷಯ ಗೊತ್ತಿರಲ್ಲ, ಅವ್ರು ಈ ಮೇಲನ್ನ ತಮ್ಮ ಕಡೆ ಡೆವಲಪರ್‌ಗೆ ಫಾರ್ವರ್ಡ್ ಮಾಡ್ತಾರೆ. ಆತ ಏನ್ ಓದ್ತಾನೆ? ಪೇಜ್ ನಿನ್ನೆ ಹಾಕಿದಾರೆ, ಟ್ಯಾಕ್ಸ್ ಲೆಕ್ಕದಲ್ಲಿ ಅನುಮಾನ ಇದೆಯಂತೆ, ಬೇಗ ರಿವರ್ಟ್ ಮಾಡಿ ಅಂತಿದಾರೆ. ಮೂರನ್ನೂ ಸೇರಿಸಿ ಓದಿದ್ರೆ ಅರ್ಥ ಪಕ್ಕಾ ಕೂತ್ಕೊಳ್ಳುತ್ತೆ ನೋಡ್ರಿ, ಲೆಕ್ಕ ತಪ್ಪಿದೆ, ಹೊಸ ಪೇಜ್ ತೆಗೆದುಹಾಕು ಅಂತ. ಆತ ತೆಗೆದ್ರೆ ಆತನ ತಪ್ಪಲ್ಲ, ಬರೆದಿರೋದು ಹಂಗೇ ಇದೆ.

ಹಂಗಂತ ರಿವರ್ಟ್ ಅನ್ನೋದು ನಾವು ಕಟ್ಟಿದ ತಪ್ಪು ಇಂಗ್ಲಿಷ್ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಸಿಂಗಪುರ, ಮಲೇಷಿಯಾ ಆಫೀಸುಗಳಲ್ಲೂ ಉತ್ತರ ಅನ್ನೋ ಅರ್ಥದಲ್ಲೇ ಬಳಸ್ತಾರೆ, ಇಂಗ್ಲೆಂಡಲ್ಲೂ ಕೆಲವು ವಕೀಲರ ಪತ್ರಗಳಲ್ಲಿ "ಐ ವಿಲ್ ರಿವರ್ಟ್ ಟು ಯೂ" ಸಿಗುತ್ತೆ. ಅದಕ್ಕೇ ನಿಮ್ಮ ಕ್ಲೈಂಟ್ ಸಿಂಗಪುರದೋರಾದ್ರೆ ತಲೆ ಕೆಡಿಸ್ಕೊಳ್ಳೋ ಅವಶ್ಯಕತೆ ಇಲ್ಲ. ಅಮೆರಿಕ, ಯುರೋಪ್ ಕಡೆಯೋರು, ಅದ್ರಲ್ಲೂ ಕೋಡ್ ಮುಟ್ಟೋರು ಓದ್ತಾರೆ ಅಂದ್ರೆ ಮಾತ್ರ "ರಿಪ್ಲೈ" ಅಂತ ಬರೀರಿ. "ರಿವರ್ಟ್ ಬ್ಯಾಕ್" ಅಂತ ಉದ್ದ ಮಾಡಿದ್ರೂ ಇನ್ನಷ್ಟು ಗೊಂದಲವೇ ಹೊರತು ಬೇರೇನಿಲ್ಲ.

ಮುಂದಿನದು ಡೌಟ್. ಪಿಯು ಕೋಚಿಂಗಲ್ಲಿ "ಡೌಟ್ ಕ್ಲಿಯರಿಂಗ್ ಕ್ಲಾಸ್" ಅಂತಾನೇ ಇರುತ್ತಲ್ಲ, ಅಲ್ಲಿಂದ ನಮಗೆ ಡೌಟ್ ಅಂದ್ರೆ ಗೊತ್ತಿಲ್ಲದ್ದನ್ನ ಕೇಳೋದು, ಸರ್ ಒಂದು ಡೌಟು ಅಂತ ಕೈ ಎತ್ತೋದು, ಅದು ವಿನಯದ ಮಾತು. ಅವ್ರ ಕಡೆ ಡೌಟ್ ಅಂದ್ರೆ ನಂಬಿಕೆ ಇಲ್ಲ ಅನ್ನೋದು. "ಐ ಹ್ಯಾವ್ ಎ ಡೌಟ್ ಇನ್ ಟ್ಯಾಕ್ಸ್ ಕ್ಯಾಲ್ಕುಲೇಷನ್" ಅಂತ ಬರೆದ್ರೆ, ಲೆಕ್ಕ ಸರಿ ಇದೆ ಅಂತ ನಂಗೆ ಅನ್ಸಲ್ಲ ಅಂತ ಓದ್ತಾರೆ. ಕೇಳ್ಬೇಕಿದ್ದಿದ್ದು ಒಂದು ಪ್ರಶ್ನೆ, ಹೋಗಿದ್ದು ಒಂದು ದೂರು. ಇದನ್ನ ಕಂಡುಹಿಡಿಯೋ ದಾರಿ ಏನಂದ್ರೆ, ನೀವು ಸಣ್ಣದೊಂದು ವಿಷಯ ಕೇಳಿದ್ರೂ ಆ ಕಡೆಯಿಂದ ಸಮರ್ಥನೆ ಮಾಡ್ಕೊಳ್ಳೋ ಧಾಟೀಲಿ ಉದ್ದನೇ ಉತ್ತರ ಬಂದ್ರೆ, ಒಂದ್ಸಲ ನಿಮ್ಮ ಮೇಲಲ್ಲಿ ಡೌಟ್ ಇದೆಯಾ ನೋಡ್ರಿ. ಬದಲಿಗೆ "ಕ್ವೆಶ್ಚನ್" ಅನ್ನಿ, ಮತ್ತೆ ಇದು ಬಹಳ ಮುಖ್ಯ, ಅದೇ ಸಾಲಲ್ಲಿ ಪ್ರಶ್ನೆಯನ್ನೂ ಕೇಳಿಬಿಡಿ. ನಮ್ಮ ಮೇಲಲ್ಲಿ ಪ್ರಶ್ನೆ ಇದೆ ಅಂತ ಹೇಳಿದಾರೆ ಹೊರತು ಪ್ರಶ್ನೆ ಏನು ಅಂತ ಎಲ್ಲೂ ಹೇಳೇ ಇಲ್ಲ.

[ಸ್ಕ್ರೀನ್ ಮೇಲೆ: "ದ ಸೇಮ್", "ಡೂ ದ ನೀಡ್‌ಫುಲ್" ಸಾಲಿಗೆ ಹಳದಿ ಗೆರೆ]

ಈಗ ಎಲ್ಲರೂ ಕಾಯ್ತಾ ಇರೋ "ಡೂ ದ ನೀಡ್‌ಫುಲ್". ಇದನ್ನ ಹಿಡ್ಕೊಂಡು ಭಾರತೀಯರನ್ನ ನಗೋದು ಇಂಟರ್ನೆಟ್ಟಲ್ಲಿ ತುಂಬಾ ಇದೆ, ನಂಗದು ಇಷ್ಟ ಆಗಲ್ಲ, ಯಾಕಂದ್ರೆ ಈ ಮಾತು ನಮ್ಮದಲ್ಲ, ಬ್ರಿಟಿಷರದ್ದೇ. ಅವ್ರ ಹಳೇ ಇಂಗ್ಲಿಷಲ್ಲಿ ಚೆನ್ನಾಗಿ ಓಡಾಡ್ತಿತ್ತು, ಆಡಳಿತದ ಕಾಗದಪತ್ರದ ಜೊತೆ ಇಲ್ಲಿಗೆ ಬಂತು, ಅಲ್ಲಿ ಬಳಕೆ ಕಮ್ಮಿ ಆಯ್ತು, ಇಲ್ಲಿ ಉಳ್ಕೊಂತು. ನಮ್ಮ ಕನ್ನಡ ಸರ್ಕಾರಿ ಪತ್ರದಲ್ಲೂ "ಮುಂದಿನ ಅಗತ್ಯ ಕ್ರಮಕ್ಕಾಗಿ" ಅಂತ ಬರೋದು ಇದೇ ಜಾತಿ ಮಾತು.

ಆದ್ರೆ ಡಿಸಿ ಆಫೀಸಲ್ಲಿ ಅದು ಯಾಕೆ ಕೆಲಸ ಮಾಡುತ್ತೆ ಹೇಳ್ರಿ? ಫೈಲ್ ನಂಬರ್ ಮೇಲೆ ಇರುತ್ತೆ, ಯಾವ ಸೆಕ್ಷನ್ನಿಗೆ ಹೋಗ್ಬೇಕು ಅಂತ ಗೊತ್ತಿರುತ್ತೆ, ಆ ಟೇಬಲ್ಲಲ್ಲಿ ಕೂತೋರು ಮಾಡೋ ಕೆಲಸ ಏನು ಅನ್ನೋದು ಮೊದಲೇ ಗೊತ್ತು. ಅಗತ್ಯ ಕ್ರಮ ಅಂದ್ರೆ ಯಾವ ಕ್ರಮ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬೇರೆ ದೇಶದಲ್ಲಿ, ಬೇರೆ ರೀತಿ ಕೆಲಸ ಮಾಡೋ ಕ್ಲೈಂಟಿಗೆ ಈ ಹಿನ್ನೆಲೆ ಇರಲ್ಲ. ಮೇಲ್ ನೋಡಿ ಆಕೆ ಕೇಳ್ತಾಳೆ, ನಾನೀಗ ಏನ್ ಮಾಡ್ಬೇಕು? ಲೆಕ್ಕ ನೋಡ್ಬೇಕಾ, ಒಪ್ಪಿಗೆ ಕೊಡ್ಬೇಕಾ, ನಮ್ಮ ಅಕೌಂಟೆಂಟ್‌ನ ಕೇಳ್ಬೇಕಾ? ಅದ್ರ ಹಿಂದೆ "ಚೆಕ್ ದ ಸೇಮ್" ಬೇರೆ ಇದೆ, ಸೇಮ್ ಅಂದ್ರೆ ಪೇಜಾ ಟ್ಯಾಕ್ಸಾ ಗೊತ್ತಾಗಲ್ಲ. ಇಂಥ ಮೇಲಿಗೆ ಆಮೇಲೆ ನೋಡೋಣ ಅಂತ ಪಕ್ಕಕ್ಕಿಡೋದೇ ಜಾಸ್ತಿ. ಅದಕ್ಕೆ ನೀಡ್‌ಫುಲ್ ತೆಗೆದು ಅದ್ರ ಜಾಗಕ್ಕೆ ಇನ್ನೊಂದು ಚೆಂದದ ಫ್ರೇಸ್ ಹುಡುಕ್ಬೇಡಿ, "ಟೇಕ್ ನೆಸೆಸರಿ ಆಕ್ಷನ್" ಅಂದ್ರೂ ಅದೇ ಕಥೆ. ಯಾರು, ಏನು, ಯಾವಾಗ, ಈ ಮೂರನ್ನ ಬರೀರಿ.

ಯಾವಾಗ ಅನ್ನೋದ್ರಲ್ಲಿ "ಅಟ್ ದ ಅರ್ಲಿಯೆಸ್ಟ್" ಕೂಡ ಸೋಲುತ್ತೆ, ಅರ್ಥ ಆಗುತ್ತೆ ಆದ್ರೆ ದಿನ ಸಿಗಲ್ಲ. ವಾರ ಮತ್ತೆ ಗಂಟೆ ಹಾಕಿ, ಅದೂ ಓದೋರ ಗಡಿಯಾರದಲ್ಲಿ ಹಾಕಿ. ಇಂಗ್ಲೆಂಡ್ ನಮಗಿಂತ ಚಳಿಗಾಲದಲ್ಲಿ 5.30 ಗಂಟೆ ಹಿಂದೆ, ಮಾರ್ಚ್ ಕೊನೇ ಭಾನುವಾರದಿಂದ ಅಕ್ಟೋಬರ್ ಕೊನೇ ಭಾನುವಾರದವರೆಗೆ 4.30 ಗಂಟೆ ಹಿಂದೆ. ಬರೀ "5 ಗಂಟೆ ಒಳಗೆ" ಅಂದ್ರೆ ಯಾರ 5 ಗಂಟೆ ಅಂತ ಜಗಳ ಶುರು.

ಇನ್ನು "ಪ್ರೀಪೋನ್". ಈ ಮೇಲಲ್ಲಿ ಇಲ್ಲ ಆದ್ರೂ ಹೇಳ್ತೀನಿ, ಯಾಕಂದ್ರೆ ಇದನ್ನ ಬದಲಾಯಿಸೋರು ಇನ್ನೂ ದೊಡ್ಡ ಗುಂಡಿಗೆ ಬೀಳ್ತಾರೆ. ಪ್ರೀಪೋನ್ ಆಕ್ಸ್‌ಫರ್ಡ್ ಡಿಕ್ಷನರೀಲಿ ಇದೆ, ನಮ್ಮಲ್ಲಿ ಎಲ್ಲರಿಗೂ ತಟ್ಟನೆ ಅರ್ಥ ಆಗುತ್ತೆ, ಅಷ್ಟು ಒಳ್ಳೇ ಮಾತು. ಹೊರಗಡೆ ಕೆಲವರಿಗೆ ಹೊಸದು. ಸರಿ ಅಂತ "ಮೂವ್ಡ್ ಫಾರ್ವರ್ಡ್" ಅಂತ ಹಾಕಿದ್ರೆ? ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್ ಆಗಿದೆ, ಈಗ ಯಾವ ದಿನ ಅಂತ ಮನಶ್ಶಾಸ್ತ್ರದೋರು ಇಂಗ್ಲಿಷ್ ಮಾತಾಡೋರನ್ನೇ ಕೇಳಿ ನೋಡಿದಾರೆ, ಕೆಲವರು ಸೋಮವಾರ ಅಂತಾರೆ, ಕೆಲವರು ಶುಕ್ರವಾರ ಅಂತಾರೆ. ಹುಟ್ಟಿದಾಗಿಂದ ಆ ಭಾಷೆ ಮಾತಾಡೋರಿಗೇ ಒಮ್ಮತ ಇಲ್ಲ! ಅದಕ್ಕೆ "ಮೀಟಿಂಗ್ ಬುಧವಾರದ ಬದಲು ಸೋಮವಾರ" ಅಂತ ಎರಡು ದಿನದ ಹೆಸರನ್ನೂ ಬರೆದುಬಿಡಿ, ಮುಗೀತು.

ಉಳಿದದ್ದು ಬೇಗ ಹೇಳ್ತೀನಿ. "ಯೆಸ್ಟರ್‌ಡೇ ಇಟ್‌ಸೆಲ್ಫ್" ನಮ್ಮ "ನಿನ್ನೇನೇ" ಅಲ್ಲಿ ಹೋಗಿ ಕೂತಿರೋದು, ಅರ್ಥ ಕೆಡಲ್ಲ. "ಅಪ್‌ಡೇಷನ್"ಗೆ ಅವ್ರಲ್ಲಿ "ಅಪ್‌ಡೇಟ್" ಅಂತಾರೆ ಅಷ್ಟೆ. "ಕೈಂಡ್ಲಿ" ಮತ್ತೆ "ಗ್ರೀಟಿಂಗ್ಸ್ ಆಫ್ ದ ಡೇ" ತಪ್ಪಲ್ಲ, ಆದ್ರೆ ಮೋಸದ ಮೇಲುಗಳಲ್ಲಿ ಇವು ಎಷ್ಟು ಬರ್ತವೆ ಅಂದ್ರೆ, ನಿಮ್ಮನ್ನ ಇನ್ನೂ ಪರಿಚಯ ಇಲ್ಲದ ಹೊಸ ಕ್ಲೈಂಟ್ ಮೊದಲ ಸಾಲಲ್ಲೇ ಅನುಮಾನ ಪಡಬಹುದು, ಹಾಗಾಗಿ ಮೊದಲ ಮೇಲಲ್ಲಿ ಮಾತ್ರ ಬಿಡ್ರಿ, "ಪ್ಲೀಸ್" ಸಾಕು. "ಪ್ಲೀಸ್ ಫೈಂಡ್ ಅಟ್ಯಾಚ್ಡ್" ಎಲ್ಲಾ ಕಡೆ ಅರ್ಥ ಆಗುತ್ತೆ, ಮುಟ್ಟಬೇಡಿ.

[ಸ್ಕ್ರೀನ್ ಮೇಲೆ: ಎರಡನೇ ಮೇಲ್]

ಈಗ ಅದೇ ಮೇಲ್ ಮತ್ತೆ. "ಹಲೋ, ದ ನ್ಯೂ ಪೇಮೆಂಟ್ ಪೇಜ್ ವೆಂಟ್ ಲೈವ್ ಯೆಸ್ಟರ್‌ಡೇ ಅಂಡ್ ಈಸ್ ವರ್ಕಿಂಗ್. ಒನ್ ಕ್ವೆಶ್ಚನ್: ಶುಡ್ ವಿ ಆಡ್ ವ್ಯಾಟ್ ಟು ದ ಡೆಲಿವರಿ ಚಾರ್ಜ್ ಆಸ್ ವೆಲ್? ಅಟ್ ಪ್ರೆಸೆಂಟ್ ಇಟ್ ಈಸ್ ಆಡೆಡ್ ಓನ್ಲಿ ಟು ದ ಫರ್ನಿಚರ್. ಪ್ಲೀಸ್ ರಿಪ್ಲೈ ಬೈ ಥರ್ಸ್‌ಡೇ, 2 ಪಿಎಂ ಯುಕೆ ಟೈಮ್. ಅಂಟಿಲ್ ದೆನ್ ವಿ ವಿಲ್ ಲೀವ್ ದ ಪೇಜ್ ಆಸ್ ಇಟ್ ಈಸ್."

ಕೊನೇ ಸಾಲು ನೋಡಿದ್ರಾ, ನೀವು ಉತ್ತರ ಕೊಡೋವರೆಗೂ ಪೇಜ್ ಹಾಗೇ ಇರುತ್ತೆ ಅನ್ನೋದು. ಅದೊಂದು ಸಾಲು ಇದ್ರೆ ಆ ಡೆವಲಪರ್ ಯಾವ್ದನ್ನೂ ತೆಗೆಯಲ್ಲ. ಇನ್ನೊಂದು, ಪೇಜ್ ಕೆಲಸ ಮಾಡ್ತಾ ಇದೆ ಅಂತ ಮೊದಲೇ ಹೇಳಿದೀವಿ, ಪ್ರಶ್ನೆ ಓದೋ ಹೊತ್ತಿಗೆ ಅವ್ರಿಗೆ ಗಾಬರಿ ಇರಲ್ಲ. ಮೇಲ್ ಸ್ವಲ್ಪ ಉದ್ದ ಆಯ್ತು, ಆಗ್ಲಿ ಬಿಡ್ರಿ, ಎರಡು ದಿನ ಹಿಂದೆ ಮುಂದೆ ಮೇಲ್ ಓಡಾಡೋದು ತಪ್ಪುತ್ತಲ್ಲ.

ಹಾಗಂತ ನಾಳೆಯಿಂದ ಪಿಬಿ ರಸ್ತೆ ಬ್ಯಾಂಕಿಗೆ ಬರೆಯೋ ಪತ್ರದಲ್ಲೂ ನೀಡ್‌ಫುಲ್ ಕಿತ್ತಾಕಬೇಡಿ. ಅಲ್ಲಿ ಅದು ಮರ್ಯಾದೆ, ಓದೋರಿಗೆ ಅರ್ಥವೂ ಗೊತ್ತು, ಅದನ್ನ ಬಿಟ್ಟು ನೇರವಾಗಿ ಇಷ್ಟು ದಿನದೊಳಗೆ ಹೀಗೆ ಮಾಡಿ ಅಂತ ಬರೆದ್ರೆ ಮ್ಯಾನೇಜರ್‌ಗೆ ಒರಟು ಅನ್ನಿಸಬಹುದು. ಒಂದೇ ಮೇಲಲ್ಲಿ ಬೆಂಗಳೂರು ಹೆಡ್ ಆಫೀಸೂ ಇದೆ, ಹೊರದೇಶದೋರೂ ಸಿಸಿಯಲ್ಲಿ ಇದಾರೆ ಅಂದಾಗ ಮಾತ್ರ ಹೊರದೇಶದೋರಿಗೆ ತಕ್ಕ ಹಾಗೆ ಬರೀರಿ, ಬೆಂಗಳೂರಿನೋರಿಗೆ ಅದೂ ಅರ್ಥ ಆಗುತ್ತೆ.

ನೀವು ಈಗಾಗ್ಲೇ ಎಷ್ಟು ಕಡೆ ಹಾಕಿದೀರ ಅಂತ ನೋಡ್ಬೇಕಾ? ಜಿಮೇಲ್ ಸರ್ಚಲ್ಲಿ ಇದನ್ನ ಹಾಕಿ.

```
in:sent revert
```

ಕಳ್ಸಿರೋ ಮೇಲಲ್ಲಿ ಆ ಪದ ಇರೋದಷ್ಟೇ ಬರುತ್ತೆ. ಪದ ತೆಗೆದು `doubt`, `needful` ಹಾಕಿನೂ ನೋಡ್ರಿ. ಇನ್ನೂ ಉತ್ತರ ಬರದೆ ನಿಂತಿರೋ ಹೊರದೇಶದ ಮೇಲ್ ಅದ್ರಲ್ಲಿ ಸಿಕ್ಕಿದ್ರೆ, ಇವತ್ತೇ ಅದಕ್ಕೆ ಇನ್ನೊಂದು ಮೇಲ್ ಹಾಕಿ, ಪ್ರಶ್ನೆ ಏನು, ಯಾವ ದಿನದೊಳಗೆ ಬೇಕು ಅಂತ ಎರಡೇ ಸಾಲಲ್ಲಿ ಕೇಳಿ.