ಸರಕು ಬಂತು, ಬಿಲ್ ಬರಲಿಲ್ಲ: ಇಆರ್‌ಪಿ ಸಂದರ್ಶನದ ಒಂದು ಪ್ರಶ್ನೆ, ಅದರ ಮರಿಪ್ರಶ್ನೆಗಳು

ಸ್ನೇಹಿತರೇ, ಎಸ್‌ಎಪಿ ಕನ್ಸಲ್ಟೆಂಟ್ ಕೆಲಸದ ಸಂದರ್ಶನಕ್ಕೆ ಫೈನಾನ್ಸ್‌ನವರು ಬರಲಿ, ಖರೀದಿ-ದಾಸ್ತಾನಿನ ಕಡೆಯವರು ಬರಲಿ, ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸ್ಟೋರ್ಸ್‌ಗೆ ಸರಕು ಬಂದಾಗ ಲೆಕ್ಕದಲ್ಲಿ ಏನಾಗುತ್ತದೆ?" ಎರಡು ಮಾಡ್ಯೂಲ್‌ಗಳೂ ಕೈಕೈ ಹಿಡಿಯುವ ಜಾಗ ಇದು. ಇವತ್ತು ಈ ಪ್ರಶ್ನೆಯೊಂದನ್ನೇ ಬಿಡಿಸೋಣ.

ಒಂದು ಕಾರ್ಖಾನೆ 100 ಬೇರಿಂಗ್‌ಗೆ ಆರ್ಡರ್ ಕೊಟ್ಟಿದೆ, ಒಂದಕ್ಕೆ 500 ರೂಪಾಯಿ. ಸ್ಟೋರ್ಸ್‌ನಲ್ಲಿ ಹಳೆಯ ದಾಸ್ತಾನು ಇಲ್ಲ. ಜಿಎಸ್‌ಟಿಯನ್ನು ಸದ್ಯಕ್ಕೆ ಬದಿಗಿಡೋಣ. ಲಾರಿ ಬಂತು, ಸ್ಟೋರ್ಸ್‌ನವರು `MIGO`ದಲ್ಲಿ ಸರಕು ದಾಖಲಿಸಿದರು. "ದಾಸ್ತಾನು ಡೆಬಿಟ್, ಸಪ್ಲೈಯರ್ ಕ್ರೆಡಿಟ್" ಎಂದು ಬಹಳ ಜನ ಥಟ್ಟನೆ ಹೇಳಿಬಿಡುತ್ತಾರೆ. ಅದು ತಪ್ಪು. ಬಿಲ್ ಬರುವ ತನಕ ಸಪ್ಲೈಯರ್ ಖಾತೆಗೆ ಏನೂ ಹೋಗುವುದಿಲ್ಲ. ಸರಿಯಾದ ಉತ್ತರ ಹೀಗಿರಲಿ: "ದಾಸ್ತಾನು ಖಾತೆಗೆ 50,000 ಡೆಬಿಟ್, ಜಿಆರ್/ಐಆರ್ ಖಾತೆಗೆ 50,000 ಕ್ರೆಡಿಟ್. ಸರಕು ಬಂದಿದೆ, ಬಿಲ್ ಬರಬೇಕಿದೆ ಎಂಬುದನ್ನು ಈ ನಡುವಿನ ಖಾತೆ ಹಿಡಿದಿಟ್ಟುಕೊಳ್ಳುತ್ತದೆ. `MIRO`ದಲ್ಲಿ ಬಿಲ್ ಹಾಕಿದಾಗ ಅದು ಡೆಬಿಟ್ ಆಗಿ ಚುಕ್ತಾ ಆಗುತ್ತದೆ, ಸಪ್ಲೈಯರ್ ಆಗ ಕ್ರೆಡಿಟ್ ಆಗುತ್ತಾನೆ."

"ಯಾವ ಖಾತೆಗೆ ಹಾಕಬೇಕೆಂದು ಸಿಸ್ಟಮ್‌ಗೆ ಹೇಗೆ ಗೊತ್ತು?" ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಚಿಕ್ಕದು. ಮೆಟೀರಿಯಲ್ ಮಾಸ್ಟರ್‌ನಲ್ಲಿರುವ ವ್ಯಾಲ್ಯುಯೇಶನ್ ಕ್ಲಾಸ್ ಒಂದು ಕೊಂಡಿ, `OBYC`ಯಲ್ಲಿರುವ ಕೀಗಳು ಇನ್ನೊಂದು: ದಾಸ್ತಾನಿಗೆ `BSX`, ಜಿಆರ್/ಐಆರ್‌ಗೆ `WRX`, ಬೆಲೆ ವ್ಯತ್ಯಾಸಕ್ಕೆ `PRD`.

ಆಮೇಲೆ ನಾನು ಬಿಲ್ಲಿನ ದರ ಬದಲಿಸುತ್ತೇನೆ. "ಬಿಲ್ 520ರ ದರದಲ್ಲಿ ಬಂತು. ಅಷ್ಟರೊಳಗೆ 60 ಬೇರಿಂಗ್ ಉತ್ಪಾದನೆಗೆ ಹೋಗಿವೆ, 40 ಮಾತ್ರ ಉಳಿದಿವೆ. ಹೆಚ್ಚುವರಿ 2,000 ಎಲ್ಲಿಗೆ?" ಇಲ್ಲಿ ಉತ್ತರ ಕೊಡುವ ಮೊದಲು ನೀವೇ ತಿರುಗಿ ಕೇಳಬೇಕು: "ಈ ವಸ್ತುವಿಗೆ ಮೂವಿಂಗ್ ಆವರೇಜ್ ದರವೋ, ಸ್ಟ್ಯಾಂಡರ್ಡ್ ದರವೋ?" ಹಾಗೆ ಕೇಳಿದವರನ್ನು ಕಂಡರೆ ನನಗೆ ನಿಜಕ್ಕೂ ಖುಷಿ. ಸ್ಟ್ಯಾಂಡರ್ಡ್ ಆದರೆ 2,000 ಪೂರ್ತಿ ಬೆಲೆ ವ್ಯತ್ಯಾಸದ ಖಾತೆಗೆ. ಮೂವಿಂಗ್ ಆವರೇಜ್ ಆದರೆ ಉಳಿದ 40ಕ್ಕೆ ಸಲ್ಲುವ 800 ದಾಸ್ತಾನಿಗೆ ಸೇರಿ ದರ 520 ಆಗುತ್ತದೆ. ಖರ್ಚಾದ 60ರ ಪಾಲು 1,200 ವ್ಯತ್ಯಾಸದ ಖಾತೆಗೆ ಹೋಗುತ್ತದೆ. ದರದ ಅಂತರ ಟಾಲರೆನ್ಸ್ ಮಿತಿ ಮೀರಿದ್ದರೆ ಬಿಲ್ ಪೋಸ್ಟ್ ಆಗುತ್ತದೆ, ಆದರೆ ಪಾವತಿಗೆ ತಡೆ ಬೀಳುತ್ತದೆ. ಖರೀದಿ ವಿಭಾಗ ದರ ಒಪ್ಪಿದ ಮೇಲೆ `MRBR`ನಲ್ಲಿ ತಡೆ ತೆಗೆಯಬೇಕು.

ಕೊನೆಯ ಪ್ರಶ್ನೆಗೇ ನಾನು ಹೆಚ್ಚು ಸಮಯ ಕೊಡುವುದು. "ತಿಂಗಳ ಕೊನೆ. 100 ಬೇರಿಂಗ್ ಬಂದಿವೆ, ಎಲ್ಲವೂ ಸ್ಟೋರ್ಸ್‌ನಲ್ಲೇ ಇವೆ. ಬಿಲ್ ಮಾತ್ರ 90ಕ್ಕೆ ಬಂದಿದೆ, ದರ 500. ಜಿಆರ್/ಐಆರ್‌ನಲ್ಲಿ 5,000 ಕ್ರೆಡಿಟ್ ಉಳಿದಿದೆ. ಏನು ಮಾಡುತ್ತೀರಿ?"

"`MR11` ಓಡಿಸಿ ಚುಕ್ತಾ ಮಾಡುತ್ತೇನೆ" ಎಂಬ ಉತ್ತರ ಕೇಳಿದಾಗಲೆಲ್ಲ ನನ್ನ ಮೊದಲ ವರ್ಷಗಳ ಒಂದು ಪ್ರಾಜೆಕ್ಟ್ ನೆನಪಾಗುತ್ತದೆ. ಲೆಕ್ಕ ಮುಚ್ಚುವ ಅವಸರದಲ್ಲಿ ನಾವು ಹೀಗೆಯೇ ಮಾಡಿದ್ದೆವು. ಆ 5,000 ಎಲ್ಲಿಗೆ ಹೋಯಿತು ನೋಡಿ. ಮೂವಿಂಗ್ ಆವರೇಜ್ ವಸ್ತು, ದಾಸ್ತಾನು ಪೂರ್ತಿ ಇದೆ. ಹಾಗಾಗಿ ಅದು ದಾಸ್ತಾನಿನ ಮೌಲ್ಯದಿಂದಲೇ ಕಳೆದುಹೋಗಿ 50,000 ಇದ್ದದ್ದು 45,000ಕ್ಕೆ, ಒಂದರ ದರ 450ಕ್ಕೆ ಇಳಿಯಿತು. ಅಲ್ಲಿಂದ ಉತ್ಪಾದನೆಗೆ ಕೊಟ್ಟ ಪ್ರತಿ ಬೇರಿಂಗೂ 450ರಲ್ಲೇ ಹೋಯಿತು. ಎರಡು ವಾರದ ಮೇಲೆ ಉಳಿದ 10ರ ಬಿಲ್ ಬಂತು. ಉತ್ಪಾದನಾ ವೆಚ್ಚ ಏಕೆ ಇಳಿಯಿತೆಂದು ಕಾಸ್ಟಿಂಗ್‌ನವರು ಕೇಳಿದಾಗಲೇ ನಮಗೆ ತಪ್ಪು ಕಂಡದ್ದು. `MR11SHOW`ನಲ್ಲಿ ಆ ದಾಖಲೆ ರದ್ದು ಮಾಡಿದೆವು ನಿಜ, ಆದರೆ ಅಷ್ಟರಲ್ಲಿ ಖರ್ಚಾಗಿದ್ದ ಬೇರಿಂಗ್‌ಗಳ ಲೆಕ್ಕ 450ರಲ್ಲೇ ಉಳಿಯಿತು.

ಆದ್ದರಿಂದ ನಾನು ಕೇಳಬಯಸುವ ಉತ್ತರ ಇದು: "ಮೊದಲು ಆ ಆರ್ಡರಿನ ಹಿಸ್ಟರಿ ತೆರೆದು ಬಂದ ಸಂಖ್ಯೆ, ಬಿಲ್ಲಾದ ಸಂಖ್ಯೆ ನೋಡುತ್ತೇನೆ. ಸ್ಟೋರ್ಸ್‌ನವರಿಗೆ ಫೋನ್ ಮಾಡಿ 100 ನಿಜಕ್ಕೂ ಬಂದಿವೆಯೇ, ಇಲ್ಲ 90 ಬಂದು 100 ಎಂದು ನಮೂದಾಗಿದೆಯೇ ಎಂದು ಕೇಳುತ್ತೇನೆ. ನಮೂದು ತಪ್ಪಾಗಿದ್ದರೆ 10ರ ಸರಕು ದಾಖಲೆಯನ್ನೇ ಹಿಂದಕ್ಕೆ ತೆಗೆಯಿಸುತ್ತೇನೆ. ಸರಕು ಬಂದಿದ್ದು ಬಿಲ್ ಬರಬೇಕಿದ್ದರೆ 5,000 ಹಾಗೇ ಇರಲಿ. ಅದು ನಿಜವಾದ ಬಾಧ್ಯತೆ, ಬ್ಯಾಲೆನ್ಸ್ ಶೀಟಿನಲ್ಲಿ ಬಾಧ್ಯತೆಯಾಗಿಯೇ ಕಾಣಬೇಕು. ಬಿಲ್ ಇನ್ನು ಬರುವುದಿಲ್ಲ ಎಂದು ಸಪ್ಲೈಯರ್‌ನಿಂದ ಬರಹದಲ್ಲಿ ಬಂದರೆ ಮಾತ್ರ `MR11`."