ಮೊಲ ಇಟ್ಟಿದ್ದು ಯಾರು, ಕಾಯ್ದಿದ್ದು ಯಾರು?

ಫ್ರೆಂಚ್ ನುಡಿಗಟ್ಟುಗಳ ಪಟ್ಟಿ ಉರು ಹೊಡೆಯೋದರಲ್ಲಿ ನನಗೆ ನಂಬಿಕೆಯಿಲ್ಲ. ಪಟ್ಟಿ ಅರ್ಥ ಕೊಡುತ್ತೆ. ಮಾತು ಯಾರದ್ದು, ಯಾರ ಮುಂದೆ ಆಡಬೇಕು ಅನ್ನೋದನ್ನ ಕೊಡಲ್ಲ. ಎಡವೋದು ಅಲ್ಲೇ.

‘ಪೋಜ಼ೆ ಅಂ ಲಾಪಾಂ’ ತಗೊಳ್ಳಿ. ಲಾಪಾಂ ಅಂದ್ರೆ ಮೊಲ. ಬರ್ತೀನಿ ಅಂತ ಹೇಳಿ, ಸುದ್ದಿನೂ ಕೊಡದೆ ಕೈಕೊಡೋದಕ್ಕೆ ಈ ಮಾತು. ಮೊಲ ‘ಇಡೋನು’ ಬಾರದೇ ಹೋದವನು. ಕೆಫೆಯಲ್ಲಿ ಒಂದು ಗಂಟೆ ಕಾದವರು ನೀವಾದರೆ ‘ಇಲ್ ಮಾ ಪೋಜ಼ೆ ಅಂ ಲಾಪಾಂ’ ಅನ್ನಬೇಕು, ಅಂದ್ರೆ ಅವನು ನನಗೆ ಕೈಕೊಟ್ಟ. ಅರ್ಥ ಮಾತ್ರ ನೆನಪಿಟ್ಟವರು ‘ಜ಼ೆ ಪೋಜ಼ೆ...’, ನಾನು ಇಟ್ಟೆ, ಅಂತ ಶುರು ಮಾಡಿ, ತಪ್ಪನ್ನ ತಮ್ಮ ತಲೆಗೇ ಕಟ್ಟಿಕೊಳ್ಳುತ್ತಾರೆ. ತಡವಾಗಿ ಬಂದವನಿಗೆ ಈ ಮಾತು ಸಲ್ಲದು. ಮೊದಲೇ ಫೋನ್ ಮಾಡಿ ಆಗಲ್ಲ ಅಂದವನಿಗೂ ಅಷ್ಟೇ.

ಎರಡನೇದು ಸೇಬು. ‘ತೋಂಬೆ ದಾಂ ಲೆ ಪೊಮ್’, ಸೇಬುಗಳೊಳಗೆ ಬೀಳೋದು, ಅಂದ್ರೆ ತಲೆಸುತ್ತಿ ಪ್ರಜ್ಞೆ ತಪ್ಪೋದು. ಮನೆಯವರ ಹತ್ತಿರ, ಗೆಳೆಯರ ಹತ್ತಿರ ‘ಜ಼ ಸ್ವಿ ತೋಂಬೆ ದಾಂ ಲೆ ಪೊಮ್’ ಅಂದ್ರೆ ಸಹಜ. ಡಾಕ್ಟರಿಗೂ ಅರ್ಥ ಆಗುತ್ತೆ, ಆದರೆ ಅಲ್ಲಿ ‘ಜ಼ೆ ಪೆರ್ದ್ಯು ಕೊನೆಸಾಂಸ್’, ಪ್ರಜ್ಞೆ ತಪ್ಪಿತ್ತು, ಅನ್ನೋದೇ ಸರಿ. ಆಫೀಸಿಗೆ ಬರೆಯೋ ಪತ್ರದಲ್ಲಂತೂ ಸೇಬು ಬೇಡವೇ ಬೇಡ.

ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿತ ನಮ್ಮವರನ್ನ ಬೀಳಿಸೋದು ಬೆಕ್ಕು. ‘ದೊನೆ ಸಾ ಲಾಂಗ್ ಓ ಶಾ’, ನಾಲಿಗೆಯನ್ನ ಬೆಕ್ಕಿಗೆ ಕೊಡೋದು. ಇಂಗ್ಲಿಷಿನಲ್ಲಿ ಬಾಯಿ ಬಿಡದೆ ಕೂತವನ ನಾಲಿಗೆಯನ್ನ ಬೆಕ್ಕು ಹೊತ್ತೊಯ್ಯುತ್ತೆ, ಇದೂ ಅದೇ ಅಂದ್ಕೋತಾರೆ. ಅಲ್ಲ. ಒಗಟು ಕೇಳಿದಾಗ, ‘ಊಹಿಸು ನೋಡೋಣ’ ಅಂದಾಗ, ಹೊಳೀದೆ ‘ಸೋತೆ, ನೀನೇ ಹೇಳು’ ಅನ್ನೋ ಜಾಗದ ಮಾತು ಇದು: ‘ಜ಼ ದೊನ್ ಮಾ ಲಾಂಗ್ ಓ ಶಾ’. ಹೇಳಿದ ಕೂಡಲೇ ಎದುರಿನವರು ಉತ್ತರ ಕೊಡ್ತಾರೆ. ಮೌನವಾಗಿರೋನನ್ನ ಕೆಣಕೋಕೆ ‘ತ್ಯು ಆ ಪೆರ್ದ್ಯು ತಾ ಲಾಂಗ್?’, ನಾಲಿಗೆ ಕಳ್ಕೊಂಡ್ಯಾ, ಅಂತಾರೆ, ಬೆಕ್ಕು ಅಲ್ಲಿಲ್ಲ.

ಇನ್ನು ಕರಡಿ. ಕೊಲ್ಲೋಕೆ ಮೊದಲೇ ಕರಡಿ ಚರ್ಮ ಮಾರಬೇಡ, ನಮ್ಮ ‘ಕೂಸು ಹುಟ್ಟೋ ಮುಂಚೆ ಕುಲಾವಿ’ ಇದ್ದ ಹಾಗೆ. 1668ರಲ್ಲಿ ಬಂದ, ಫ್ರೆಂಚ್ ಕವಿ ಲಾ ಫೋಂತೇನ್‌ನ ನೀತಿಕಥೆಯಲ್ಲಿ ಇಬ್ಬರು ಗೆಳೆಯರು ಬದುಕಿರೋ ಕರಡಿಯ ಚರ್ಮವನ್ನ ವ್ಯಾಪಾರಿಗೆ ಮಾರಿಬಿಡ್ತಾರೆ; ಕರಡಿ ಎದುರು ಬಂದಾಗ ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ಸತ್ತಂತೆ ಮಲಗುತ್ತಾನೆ. ಪೂರ್ತಿ ಗಾದೆ ಉದ್ದ, ಹಾಗಾಗಿ ಮಾತಿನಲ್ಲಿ ‘ವಾಂದ್ರ್ ಲಾ ಪೋ ದ ಲೂರ್ಸ್’, ಕರಡಿ ಚರ್ಮ ಮಾರೋದು, ಅನ್ನೋಷ್ಟಕ್ಕೇ ನಿಲ್ಲಿಸೋದುಂಟು. ಸಹಿ ಬೀಳದ ಒಪ್ಪಂದ, ಬಾರದ ಫಲಿತಾಂಶ, ಇಂಥಲ್ಲಿ ಚೆನ್ನಾಗಿ ಕೂರುತ್ತೆ. ಮೇಲಧಿಕಾರಿಗೆ ‘ನೀವು ಮಾರಬೇಡಿ’ ಅಂದ್ರೆ ಬುದ್ಧಿ ಹೇಳಿದ ಹಾಗಾಗುತ್ತೆ. ‘ನಾವು ಈಗಲೇ ಮಾರೋದು ಬೇಡ’ ಅಂತ ನಿಮ್ಮನ್ನೂ ಸೇರಿಸಿಕೊಂಡು ಹೇಳಿ.